ರಾತ್ರೋರಾತ್ರಿ ಮರಳುವ ವಿಳಾಸಗಳು

ಗ್ರಾಹಕರ ದಾಖಲೆ ಇಡುವ ಸಿಆರ್‌ಎಂ ಅನ್ನು ಇ-ಮೇಲ್ ಪಟ್ಟಿಗೆ ನಿತ್ಯ ಹೊಂದಿಸುವಲ್ಲಿ ಒಂದು ದೋಷ ಪದೇಪದೇ ಕಾಣುತ್ತದೆ. ನೀವು ಸಂಜೆ 6ಕ್ಕೆ ‘ಅನ್‌ಸಬ್‌ಸ್ಕ್ರೈಬ್’ ಒತ್ತಿದಿರೆನ್ನಿ. ಅದು ಪಟ್ಟಿಯಲ್ಲಷ್ಟೇ ದಾಖಲಾಗುತ್ತದೆ; ಸಿಆರ್‌ಎಂನಲ್ಲಿ ನೀವಿನ್ನೂ ಚಂದಾದಾರರೇ. ರಾತ್ರಿ 2ಕ್ಕೆ ಅದರ ಮಾಹಿತಿಯನ್ನು ಪಟ್ಟಿಯ ಮೇಲೆ ಹೇರಿದರೆ ನಿಮ್ಮ ನಿರಾಕರಣೆ ಅಳಿಸಿಹೋಗುತ್ತದೆ. ಪ್ರೋಗ್ರಾಂ ಮಾತ್ರ ‘ಯಶಸ್ವಿ’ ಎಂದೇ ವರದಿ ಕೊಡುತ್ತದೆ! ಬೆಳಗ್ಗೆ ನಿರಾಕರಿಸಿದವರ ಸಂಖ್ಯೆ ಇಳಿದಿದ್ದರೆ ಅನುಮಾನಿಸಿ.

ಹೆಸರು, ಊರಿಗೆ ಸಿಆರ್‌ಎಂ ಪ್ರಮಾಣವಾಗಲಿ, ಸಮ್ಮತಿಗಲ್ಲ. ಮೊದಲು ಪಟ್ಟಿಯ ನಿರಾಕರಣೆಗಳನ್ನು ಸಿಆರ್‌ಎಂನಲ್ಲಿ ಗುರುತಿಸಿ, ಅನಂತರವೇ ಉಳಿದುದನ್ನು ಕಳುಹಿಸಬೇಕು.

ಹಿಂದಿರುಗಿದ ಪತ್ರಗಳಲ್ಲೂ ಭೇದವುಂಟು. 5.1.1 ಎಂಬ ಸಂಕೇತ ಬಂದರೆ ಅಂಥ ವಿಳಾಸವೇ ಇಲ್ಲ, ಕೂಡಲೇ ನಿಲ್ಲಿಸಿ. 4.2.2 ಎಂದರೆ ಅಂಚೆಪೆಟ್ಟಿಗೆ ತುಂಬಿದೆ, ಮತ್ತೆ ಯತ್ನಿಸಬಹುದು. ಸತ್ತ ವಿಳಾಸವನ್ನು ಪಟ್ಟಿಯಿಂದ ಅಳಿಸುವುದೂ ತಪ್ಪೇ: ಗುರುತು ಉಳಿಯದಿದ್ದರೆ ಮರುರಾತ್ರಿ ಅದು ಹೊಸ ಗ್ರಾಹಕನಾಗಿ ಒಳಬರುತ್ತದೆ.