ಎಂಟು ಮಕ್ಕಳ ಅಂಕಕ್ಕೆ ಯಾವ ಪರೀಕ್ಷೆ?

ಪರಿಹಾರ ಬೋಧನೆಗೆ ಮೊದಲೊಂದು ಕಿರುಪರೀಕ್ಷೆ, ಮುಗಿದ ಮೇಲೆ ಇನ್ನೊಂದು. ಎರಡರ ಅಂಕಕ್ಕೆ ಜೋಡಿ ಟಿ-ಪರೀಕ್ಷೆ. ಕ್ರಿಯಾ ಸಂಶೋಧನೆಯ ವರದಿಗಳಲ್ಲಿ ಇದು ರೂಢಿ. ಮಂಡ್ಯ, ಮದ್ದೂರು, ಮಳವಳ್ಳಿ ಸುತ್ತಿನ ಸಣ್ಣ ಸರ್ಕಾರಿ ಶಾಲೆಗಳಲ್ಲಿ, ಒಂದು ತರಗತಿಗೆ ಏಳೆಂಟು ಮಕ್ಕಳಿರುವಲ್ಲಿ, ಈ ರೂಢಿಯನ್ನು ಪ್ರಶ್ನಿಸಲೇಬೇಕು.

ಮಳವಳ್ಳಿ ಕಡೆಯ ಒಂದು ನಾಲ್ಕನೇ ತರಗತಿಯನ್ನು ಊಹಿಸಿಕೊಳ್ಳಿ. ದಶಕ ಬಿಡಿಸಿ ಕಳೆಯುವ ಲೆಕ್ಕ, 20 ಅಂಕ, ಎಂಟು ಮಕ್ಕಳು. ಎರಡನೇ ಪರೀಕ್ಷೆಯಲ್ಲಿ ಅವರಿಗೆ ಹೆಚ್ಚಾದ ಅಂಕ 1, 2, 1, 3, 2, 1, 2, 12. ಕೊನೆಯ ಮಗು ಮೊದಲ ಪರೀಕ್ಷೆಯ ದಿನ ಜ್ವರದಲ್ಲೇ ಬಂದು 4 ಅಂಕ ಪಡೆದಿತ್ತು, ಈಗ 16. ಸರಾಸರಿ ಏರಿಕೆ 3, ಮಾನಕ ವಿಚಲನೆ ಸುಮಾರು 3.7, ಟಿ ಬೆಲೆ 2.29. ಶೇ. 5ರ ಮಟ್ಟದಲ್ಲಿ ಬೇಕಾದದ್ದು 2.365. ಅಂದರೆ ಎಂಟಕ್ಕೆ ಎಂಟೂ ಮಕ್ಕಳು ಮುಂದೆ ಹೋಗಿದ್ದರೂ ಅಂತರ ಸಾರ್ಥಕವಲ್ಲ ಎಂಬ ತೀರ್ಪು! ಎಲ್ಲರಿಗಿಂತ ಹೆಚ್ಚು ಏರಿದ ಆ ಮಗುವನ್ನು ಬಿಟ್ಟು ಲೆಕ್ಕ ಹಾಕಿದರೆ ಟಿ ಬೆಲೆ 6ಕ್ಕೆ ಏರುತ್ತದೆ. ಆ ಒಂದು 12 ಸರಾಸರಿಯನ್ನು ಎತ್ತಿದ್ದಕ್ಕಿಂತ ಹೆಚ್ಚಾಗಿ ಚದುರುವಿಕೆಯನ್ನು ಹಿಗ್ಗಿಸಿದೆ.

ಫ್ರಾಂಕ್ ವಿಲ್ಕಾಕ್ಸನ್ 1945ರಲ್ಲಿ ಕೊಟ್ಟ ರ‍್ಯಾಂಕ್ ಪರೀಕ್ಷೆ ವ್ಯತ್ಯಾಸಗಳನ್ನು, ಏರಿಕೆಯೋ ಇಳಿಕೆಯೋ ಎಂದು ನೋಡದೆ, ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸುತ್ತದೆ. ಇಲ್ಲಿ 3ಕ್ಕೆ ಏಳನೇ ಸ್ಥಾನ, 12ಕ್ಕೆ ಎಂಟನೆಯದು, ಅಷ್ಟೇ. ಇಳಿದವರು ಯಾರೂ ಇಲ್ಲದ್ದರಿಂದ ಋಣ ಸ್ಥಾನಗಳ ಮೊತ್ತ ಸೊನ್ನೆ. ಬೋಧನೆಯಿಂದ ಏನೂ ಬದಲಾಗಿಲ್ಲವೆಂದಾದರೆ ಹೀಗೆ ಎಲ್ಲರೂ ಒಂದೇ ಕಡೆ ವಾಲುವ ಸಂಭವ 256ರಲ್ಲಿ 2, ಅಂದರೆ ಸುಮಾರು 0.008.

ಹಾಗೆಂದು ರ‍್ಯಾಂಕ್ ಪರೀಕ್ಷೆಯನ್ನೇ ಕಣ್ಣುಮುಚ್ಚಿ ಹಿಡಿಯುವಂತಿಲ್ಲ. ಐದೇ ಮಕ್ಕಳಿದ್ದರೆ, ಐವರೂ ಏರಿದರೂ ಸಂಭವ 32ರಲ್ಲಿ 2, ಅದು 0.0625, ಶೇ. 5ರ ಗೆರೆ ದಾಟಲು ಸಾಧ್ಯವೇ ಇಲ್ಲ. ಅಂಕ ಬದಲಾಗದ ಮಕ್ಕಳನ್ನು ವಿಲ್ಕಾಕ್ಸನ್ ಕ್ರಮ ಲೆಕ್ಕದಿಂದಲೇ ಕೈಬಿಡುತ್ತದೆ. ಹನ್ನೆರಡು ಮಕ್ಕಳಲ್ಲಿ ಏಳು ಮಂದಿ ಇದ್ದಲ್ಲೇ ಇದ್ದರೆ ಉಳಿಯುವುದು ಐವರೇ. ಆ ಏಳರ ಸಂಖ್ಯೆಯನ್ನು ವರದಿಯಲ್ಲಿ ಬರೆಯದಿದ್ದರೆ ಓದುಗರಿಗೆ ಮೋಸವಾದಂತೆಯೇ. ವ್ಯತ್ಯಾಸಗಳು ನಡುಬೆಲೆಯ ಎರಡೂ ಕಡೆ ಹೆಚ್ಚುಕಡಿಮೆ ಸಮನಾಗಿ ಹರಡಿದ್ದು, ತೀರಾ ದೂರ ಸಿಡಿದ ಬೆಲೆ ಇಲ್ಲದಿದ್ದರೆ ಟಿ-ಪರೀಕ್ಷೆಯೇ ಮೇಲು. ಎಷ್ಟು ಅಂಕ ಏರಿತು, ಅದು ಯಾವ ಮಿತಿಯೊಳಗೆ ಎಂಬುದನ್ನೂ ಅದು ನೇರವಾಗಿ ಹೇಳುತ್ತದೆ. ನೋಡಬೇಕಾದದ್ದು ಮೊದಲ ಮತ್ತು ಎರಡನೇ ಅಂಕಗಳ ಹಂಚಿಕೆಯನ್ನಲ್ಲ, ಅವುಗಳ ವ್ಯತ್ಯಾಸದ ಹಂಚಿಕೆಯನ್ನು. ಎಂಟು ಬೆಲೆಗಳ ಮೇಲೆ ಪ್ರಸಾಮಾನ್ಯತೆಯ ಪರೀಕ್ಷೆ ನಡೆಸಿ ನೆಮ್ಮದಿಪಡುವುದೂ ಸಲ್ಲ. ಅಷ್ಟು ಕಡಿಮೆ ಮಾಹಿತಿಯಲ್ಲಿ ಅದು ದೋಷವನ್ನು ಹಿಡಿಯುವುದು ಅಪರೂಪ.

ಟಿ, ರ‍್ಯಾಂಕ್ ಎರಡೂ ಪರೀಕ್ಷೆಗಳನ್ನು ಮಾಡಿ, ಒಪ್ಪುವ ಉತ್ತರವನ್ನು ಇಟ್ಟುಕೊಳ್ಳುವ ಚಾಳಿ ಇವೆಲ್ಲಕ್ಕಿಂತ ಕೆಟ್ಟದ್ದು. ಹತ್ತು ಮಕ್ಕಳೊಳಗಿನ ತರಗತಿಗೆ, ಆರಾದರೂ ಬದಲಾದ ಅಂಕಗಳು ಸಿಗುವಂತಿದ್ದರೆ, ರ‍್ಯಾಂಕ್ ಪರೀಕ್ಷೆಯನ್ನು ಬೋಧನೆಗೆ ಮೊದಲೇ ಗೊತ್ತುಮಾಡಿ ಬರೆದಿಡುವುದು ನನ್ನ ಆಯ್ಕೆ. ಅದಕ್ಕಿಂತ ಕಡಿಮೆಯಿದ್ದರೆ ಯಾವ ಪರೀಕ್ಷೆಯೂ ಬೇಡ, ಪ್ರತಿ ಮಗುವಿನ ಎರಡೂ ಅಂಕ ಕೊಡಿ. ಹೋಲಿಸಲು ಇನ್ನೊಂದು ತರಗತಿ ಇಲ್ಲದಿದ್ದರೆ, ಆ ಏರಿಕೆ ಬೋಧನೆಯಿಂದಲೇ ಬಂತೆಂದು ಟಿ-ಪರೀಕ್ಷೆಯಾಗಲಿ ರ‍್ಯಾಂಕ್ ಪರೀಕ್ಷೆಯಾಗಲಿ ಹೇಳಲಾರದು.