ಮುಕ್ಕಾಲಿಯ ಲೆಕ್ಕ: ಎಳೆತದ ಗುಣಾಂಕ ಪದ್ಧತಿಯ ಒಂದು ಪರಾಮರ್ಶೆ

ಒಂದೇ ಸಮತಲದಲ್ಲಿ ನಿಲ್ಲದೆ ಮೂರು ದಿಕ್ಕುಗಳಿಗೂ ಹರಡಿಕೊಂಡ ಟ್ರಸ್‌ನ ಕಡ್ಡಿಗಳಲ್ಲಿ ಎಷ್ಟೆಷ್ಟು ಬಲ ಇದೆ ಎಂಬ ಪ್ರಶ್ನೆಗೆ ಹತ್ತೊಂಬತ್ತನೆಯ ಶತಮಾನದ ಜರ್ಮನ್ ವಿದ್ವಾಂಸರು ಗಂಭೀರವಾಗಿ ಉತ್ತರ ಹುಡುಕಿದ್ದರು. ಆಗಸ್ಟ್ ಫೋಪಲ್ 1892ರಲ್ಲಿ ಈ ವಿಷಯಕ್ಕೇ ಮೀಸಲಾದ ಪುಸ್ತಕವನ್ನು ಪ್ರಕಟಿಸಿದನು. ಆದರೆ ಇಂದು ಭಾರತದ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಪರಿಚಿತವಾಗಿರುವ ದಾರಿ ಬ್ರಿಟಿಷ್ ಪರಂಪರೆಯದು. ರಿಚರ್ಡ್ ಸೌತ್‌ವೆಲ್ 1920ರಲ್ಲಿ ‘ಎಂಜಿನಿಯರಿಂಗ್’ ಪತ್ರಿಕೆಯಲ್ಲಿ ಮುಂದಿಟ್ಟ ಈ ಪದ್ಧತಿಗೆ ಎಳೆತದ ಗುಣಾಂಕ, ಅಂದರೆ ಟೆನ್ಷನ್ ಕೋಎಫಿಶಿಯೆಂಟ್ ಪದ್ಧತಿ ಎಂದು ಹೆಸರು. ಕೈಲೆಕ್ಕದ ಕಾಲದಲ್ಲಿ ಅದು ಎಂಜಿನಿಯರರ ಶ್ರಮವನ್ನು ನಿಜವಾಗಿ ಹಗುರಗೊಳಿಸಿತು. ಆದರೆ ಪಠ್ಯಪುಸ್ತಕಗಳಿಗೆ ಇಳಿಯುವಾಗ ಅದರ ಕೋಷ್ಟಕ ಉಳಿದು, ಕೋಷ್ಟಕದ ಹಿಂದಿನ ಜ್ಯಾಮಿತಿ ಕಳೆದುಹೋಯಿತು ಎಂಬುದೇ ಈ ಪರಂಪರೆಯ ಮೇಲಿರುವ ಮುಖ್ಯ ಆಕ್ಷೇಪ.

ಕಡ್ಡಿಯಲ್ಲಿರುವ ಬಲವನ್ನು ಆ ಕಡ್ಡಿಯ ಉದ್ದದಿಂದ ಭಾಗಿಸಿದಾಗ ಬರುವ ಸಂಖ್ಯೆಯೇ ಎಳೆತದ ಗುಣಾಂಕ. ಎಳೆಯಲ್ಪಡುವ ಕಡ್ಡಿಗೆ ಅದು ಧನ, ಅದುಮಲ್ಪಡುವ ಕಡ್ಡಿಗೆ ಋಣ. ಬಲವನ್ನು ಮೂರು ದಿಕ್ಕುಗಳಿಗೆ ಹಂಚಬೇಕಾದರೆ ಸಾಮಾನ್ಯವಾಗಿ ಕೋನಗಳ ಕೊಸೈನ್ ಬೇಕು, ಕೊಸೈನ್‌ಗೆ ಉದ್ದ ಬೇಕು, ಉದ್ದಕ್ಕೆ ವರ್ಗಮೂಲ ಬೇಕು. ಗುಣಾಂಕವನ್ನೇ ಅಜ್ಞಾತವೆಂದು ಹಿಡಿದರೆ ಇವು ಯಾವುವೂ ಬೇಕಾಗುವುದಿಲ್ಲ, ಏಕೆಂದರೆ ಕಡ್ಡಿಯ ಎರಡು ತುದಿಗಳ ನಿರ್ದೇಶಾಂಕಗಳ ವ್ಯತ್ಯಾಸವನ್ನು ಗುಣಾಂಕದಿಂದ ಗುಣಿಸಿದರೆ ಆ ದಿಕ್ಕಿನ ಬಲ ನೇರವಾಗಿ ಸಿಗುತ್ತದೆ. ವರ್ಗಮೂಲದ ಕೆಲಸ ಲೆಕ್ಕದ ಕೊನೆಯವರೆಗೂ ಕಾಯುತ್ತದೆ.

ಸಮತಟ್ಟಾದ ನೆಲದ ಮೇಲೆ ನಿಂತ, 6 ಮೀಟರ್ ಎತ್ತರದ ಒಂದು ಮುಕ್ಕಾಲಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಶಿಖರದ ನೇರ ಕೆಳಗಿನ ಬಿಂದುವಿನಿಂದ ಅಳೆದರೆ ಅದರ ಪಾದಗಳು ಅ (4, 0), ಬ (−2, 3) ಮತ್ತು ಕ (−2, −3) ಮೀಟರ್‌ಗಳಲ್ಲಿವೆ. ಶಿಖರದಲ್ಲಿ 90 ಕಿಲೋನ್ಯೂಟನ್ ಭಾರ ನೇರ ಕೆಳಕ್ಕೆ ತೂಗುತ್ತದೆ. ಕಾಲುಗಳ ಗುಣಾಂಕಗಳಿಗೂ ಅದೇ ಅಕ್ಷರಗಳನ್ನು ಇಟ್ಟುಕೊಂಡು, ಪ್ರತಿ ಕಾಲಿಗೂ ಪಾದದ ನಿರ್ದೇಶಾಂಕದಿಂದ ಶಿಖರದ ನಿರ್ದೇಶಾಂಕವನ್ನು ಕಳೆದು ಬರೆದರೆ, ಶಿಖರದ ಸಮತೋಲನ ಮೂರು ಸಮೀಕರಣಗಳಲ್ಲಿ ಮುಗಿಯುತ್ತದೆ:

4ಅ − 2ಬ − 2ಕ = 0
3ಬ − 3ಕ = 0
−6ಅ − 6ಬ − 6ಕ − 90 = 0

ಎರಡನೆಯ ಸಮೀಕರಣ ಬ ಮತ್ತು ಕ ಸಮವೆಂದು ಹೇಳುತ್ತದೆ, ಮೊದಲನೆಯದು ಅ ಕೂಡ ಅವುಗಳಿಗೆ ಸಮವೆಂದು ಹೇಳುತ್ತದೆ, ಮೂರನೆಯದರಿಂದ ಪ್ರತಿಯೊಂದೂ ಮೀಟರಿಗೆ −5 ಕಿಲೋನ್ಯೂಟನ್ ಎಂದು ತಿಳಿಯುತ್ತದೆ. ಬ ಮತ್ತು ಕ ಕಾಲುಗಳ ಉದ್ದ 7 ಮೀಟರ್ ಆದ್ದರಿಂದ ಅವುಗಳಲ್ಲಿ 35 ಕಿಲೋನ್ಯೂಟನ್ ಅದುಮುಬಲವಿದೆ. ಅ ಕಾಲಿನ ಉದ್ದ 7.21 ಮೀಟರ್ ಆದ್ದರಿಂದ ಅಲ್ಲಿ ಸುಮಾರು 36.1. ಗುಣಾಂಕಗಳು ಸಮವಾಗಿದ್ದೂ ಬಲಗಳು ಸಮವಲ್ಲ. ಗುಣಾಂಕವನ್ನೇ ಬಲವೆಂದು ಓದಿಬಿಡುವುದು ವಿದ್ಯಾರ್ಥಿ ಸುಲಭವಾಗಿ ಬೀಳುವ ತಪ್ಪು.

ಸಾಮಾನ್ಯ ಪಾಠ ಇಲ್ಲಿಗೆ ನಿಲ್ಲುತ್ತದೆ, ನಿಲ್ಲಬಾರದು. ಮೂರು ಗುಣಾಂಕಗಳು ಸಮವಾದದ್ದು ಆಕಸ್ಮಿಕವಲ್ಲ: ಶಿಖರವು ಪಾದಗಳ ತ್ರಿಕೋನದ ಗುರುತ್ವಕೇಂದ್ರದ ನೇರ ಮೇಲಿದೆ. ಪಾದಗಳು ಒಂದೇ ಮಟ್ಟದಲ್ಲಿದ್ದಾಗ, ಭಾರದ ರೇಖೆ ನೆಲವನ್ನು ಮುಟ್ಟುವ ಬಿಂದುವು ತ್ರಿಕೋನದ ಮೂರು ಮೂಲೆಗಳ ನಡುವೆ ಯಾವ ಪಾಲಿನಲ್ಲಿ ಇದೆಯೋ, ಗುಣಾಂಕಗಳೂ ಅದೇ ಪಾಲಿನಲ್ಲಿ ಹಂಚಿಕೆಯಾಗುತ್ತವೆ. ಬಿಂದುವೊಂದನ್ನು ಮೂಲೆಗಳ ಮೇಲಿಟ್ಟ ತೂಕಗಳಿಂದ ಗುರುತಿಸುವ ಈ ಕ್ರಮವನ್ನು ಮೋಬಿಯಸ್ 1827ರಷ್ಟು ಹಿಂದೆಯೇ ತನ್ನ ಗ್ರಂಥದಲ್ಲಿ ಕಟ್ಟಿದ್ದನು. ಹೀಗೆ ನೋಡಿದಾಗ ಸೌತ್‌ವೆಲ್‌ನ ಗುಣಾಂಕ ಬರಿಯ ಲೆಕ್ಕದ ಅನುಕೂಲವಾಗಿ ಉಳಿಯದೆ, ಭಾರ ಎಲ್ಲಿ ಕುಳಿತಿದೆ ಎಂಬುದನ್ನು ಹೇಳುವ ಅಳತೆಯಾಗುತ್ತದೆ.

ಇದರ ಬೆಲೆ ತಿಳಿಯುವುದು ಅಡ್ಡಬಲ ಬಂದಾಗ. ಅದೇ ಶಿಖರವನ್ನು ಬ ಪಾದವಿರುವ ಪಕ್ಕಕ್ಕೆ, ಎರಡನೆಯ ಅಕ್ಷದ ದಿಕ್ಕಿನಲ್ಲಿ, 36 ಕಿಲೋನ್ಯೂಟನ್ ಬಲ ತಳ್ಳಿದರೆ ಎರಡನೆಯ ಸಮೀಕರಣ ಮಾತ್ರ ಬದಲಾಗಿ ಬ − ಕ = −12 ಎಂದಾಗುತ್ತದೆ; ಉಳಿದೆರಡರಿಂದ ಅ = −5 ಮತ್ತು ಬ + ಕ = −10. ಆಗ ಬ = −11, ಕ = +1. ಬ ಕಾಲಿನಲ್ಲಿ 77 ಕಿಲೋನ್ಯೂಟನ್ ಅದುಮುಬಲ ಬರುತ್ತದೆ, ಕ ಕಾಲಿನಲ್ಲಿ 7 ಕಿಲೋನ್ಯೂಟನ್ ಎಳೆತ. ಚಿಹ್ನೆ ತಿರುಗಿದ್ದು ಲೆಕ್ಕದ ತಪ್ಪೋ ನಿಜವೋ ಎಂದು ಸಮೀಕರಣಗಳನ್ನು ಬಿಟ್ಟು ಪರೀಕ್ಷಿಸಬಹುದು: ಭಾರ ಮತ್ತು ಅಡ್ಡಬಲ ಸೇರಿದ ರೇಖೆ 6 ಮೀಟರ್ ಇಳಿಯುವಷ್ಟರಲ್ಲಿ 6 × 36 ÷ 90, ಅಂದರೆ 2.4 ಮೀಟರ್ ಪಕ್ಕಕ್ಕೆ ಸರಿಯುತ್ತದೆ. ಆ ರೇಖೆಗೆ ನೇರವಾಗಿ ಅ–ಬ ಅಂಚು ಇರುವುದು 2 ಮೀಟರಿನಲ್ಲಿ. ಬಿಂದು ತ್ರಿಕೋನದ ಹೊರಗೆ ಬಿದ್ದಿದೆ, ಆದ್ದರಿಂದ ಎದುರಿನ ಕ ಪಾದ ಮೇಲೇಳಲೇಬೇಕು. ಸರಿಯಾಗಿ 30 ಕಿಲೋನ್ಯೂಟನ್ ಅಡ್ಡಬಲದಲ್ಲಿ ಬಿಂದು ಅಂಚಿನ ಮೇಲೆ ನಿಲ್ಲುತ್ತದೆ, ಕ ಕಾಲಿನ ಬಲ ಸೊನ್ನೆಯಾಗುತ್ತದೆ. ಕ ಪಾದವನ್ನು ನೆಲಕ್ಕೆ ಬಿಗಿದಿರದಿದ್ದರೆ ಅದಕ್ಕಿಂತ ಹೆಚ್ಚಿನ ಅಡ್ಡಬಲಕ್ಕೆ ಮುಕ್ಕಾಲಿ ಅ–ಬ ಅಂಚಿನ ಮೇಲೆ ಮಗುಚುತ್ತದೆ. ಕೋಷ್ಟಕ ಮಾತ್ರ ನೋಡುವವನಿಗೆ +1 ಎಂಬುದು ಮತ್ತೊಂದು ಉತ್ತರವಷ್ಟೇ. ಚಿತ್ರ ಬಿಡಿಸಿದವನಿಗೆ ಅದು ಆ ಪಾದಕ್ಕೆ ಬೋಲ್ಟ್ ಬೇಕೆಂಬ ಸೂಚನೆ.

ಪಾದದ ವಿಷಯದಲ್ಲಿ ಈ ಪರಂಪರೆ ಇನ್ನೂ ಉದಾಸೀನ. ಭಾರ ಮಾತ್ರ ಇರುವಾಗ ಅ ಪಾದ ನೆಲವನ್ನು 30 ಕಿಲೋನ್ಯೂಟನ್‌ನಿಂದ ಒತ್ತುತ್ತಲೇ 20 ಕಿಲೋನ್ಯೂಟನ್‌ನಿಂದ ಹೊರಕ್ಕೆ ಜಾರಲು ನೋಡುತ್ತದೆ. ಘರ್ಷಣೆಯೊಂದೇ ಅದನ್ನು ಹಿಡಿಯಬೇಕಾದರೆ ಘರ್ಷಣೆಯ ಗುಣಾಂಕ 0.67 ಆದರೂ ಇರಬೇಕು, ಇದು ಒದ್ದೆ ನೆಲದಲ್ಲಿ ನಂಬುವಂಥದ್ದಲ್ಲ. ಪಾದಗಳನ್ನು ಸರಪಳಿಯಿಂದ ಒಂದಕ್ಕೊಂದು ಕಟ್ಟಿದರೆ, ಅದೇ ಪದ್ಧತಿಯಲ್ಲಿ ಮೂರು ಕಟ್ಟುಗಳ ಗುಣಾಂಕವೂ ಮೀಟರಿಗೆ 5/3 ಕಿಲೋನ್ಯೂಟನ್ ಎಂದು ಬರುತ್ತದೆ. 6 ಮೀಟರ್ ಉದ್ದದ ಬ–ಕ ಕಟ್ಟಿನಲ್ಲಿ 10 ಕಿಲೋನ್ಯೂಟನ್, 6.71 ಮೀಟರಿನ ಉಳಿದೆರಡರಲ್ಲಿ ಸುಮಾರು 11.2. ಇಲ್ಲಿ ಎಚ್ಚರ ಬೇಕಾದದ್ದು ಚಿಹ್ನೆಯಲ್ಲಿ: ಶಿಖರದಿಂದ ಪಾದದ ಗಂಟಿಗೆ ಬಂದಾಗ ದೂರದ ತುದಿ ಬದಲಾಗುವುದರಿಂದ ನಿರ್ದೇಶಾಂಕಗಳ ವ್ಯತ್ಯಾಸ ಚಿಹ್ನೆ ಬದಲಿಸುತ್ತದೆ, ಗುಣಾಂಕ ಬದಲಿಸುವುದಿಲ್ಲ.

ಪದ್ಧತಿಗೆ ತನ್ನದೇ ಆದ ಮಿತಿಗಳೂ ಉಂಟು. ಶಿಖರವನ್ನು ಕೆಳಗಿಳಿಸುತ್ತ ಹೋದರೆ ಮೂರು ಸಮೀಕರಣಗಳ ನಿರ್ಧಾರಕ ಸೊನ್ನೆಯತ್ತ ಸಾಗುತ್ತದೆ. ಮೇಲಿನ ಮುಕ್ಕಾಲಿಯ ಎತ್ತರ 0.6 ಮೀಟರ್ ಆಗಿದ್ದರೆ ಗುಣಾಂಕ −50 ಆಗಿ, ಅ ಕಾಲಿನ ಬಲ 202 ಕಿಲೋನ್ಯೂಟನ್ ಮೀರುತ್ತದೆ. ಅಷ್ಟು ಚಪ್ಪಟೆಯಾದ ಮುಕ್ಕಾಲಿಯಲ್ಲಿ ಕಾಲುಗಳು ಸ್ವಲ್ಪ ಕುಗ್ಗಿದರೂ ಶಿಖರ ಇನ್ನಷ್ಟು ಇಳಿಯುವುದರಿಂದ, ಭಾರ ಹೇರುವ ಮುನ್ನಿನ ಆಕಾರದ ಮೇಲೆ ಬರೆದ ಸಮೀಕರಣಗಳೇ ನಂಬಿಕೆಗೆ ಅರ್ಹವಲ್ಲ. ನಾಲ್ಕನೆಯ ಕಾಲು ಸೇರಿಸಿದರೆ ಸಮೀಕರಣಗಳು ಮೂರೇ ಉಳಿದು ಅಜ್ಞಾತಗಳು ನಾಲ್ಕಾಗುತ್ತವೆ, ಕಾಲುಗಳ ದಪ್ಪ ಮತ್ತು ಲೋಹದ ಗುಣವನ್ನು ತರದೆ ಉತ್ತರ ಬರುವುದಿಲ್ಲ. ಉದ್ದದ ಮಾತು ಕೊನೆಗೆ ಉಳಿಯುವುದರಿಂದ ಅದುಮಲ್ಪಡುವ ಕಾಲು ಬಾಗಿ ಬೀಳುವ ಅಪಾಯವೂ ಈ ಲೆಕ್ಕದಲ್ಲಿ ಕಾಣಿಸದು. ಅದನ್ನು ಬೇರೆಯಾಗಿಯೇ ಪರೀಕ್ಷಿಸಬೇಕು.

ಪಠ್ಯಪುಸ್ತಕಗಳು ಪಕ್ಕಕ್ಕಿಟ್ಟದ್ದನ್ನು ಬೇರೆ ಕ್ಷೇತ್ರದವರು ಎತ್ತಿಕೊಂಡರು. ಮ್ಯೂನಿಕ್ ಒಲಿಂಪಿಕ್ ಕ್ರೀಡಾಂಗಣದ ತಂತಿಬಲೆಯ ಚಾವಣಿಯ ಕೆಲಸದ ಸಂದರ್ಭದಲ್ಲಿ ಲಿಂಕ್‌ವಿಟ್ಸ್ ಮತ್ತು ಶೆಕ್ ರೂಪಿಸಿ, 1974ರಲ್ಲಿ ಶೆಕ್ ವಿವರವಾಗಿ ಪ್ರಕಟಿಸಿದ ಬಲಸಾಂದ್ರತೆಯ ವಿಧಾನದಲ್ಲಿ ಮೂಲ ಪರಿಮಾಣವು ಬಲವನ್ನು ಉದ್ದದಿಂದ ಭಾಗಿಸಿದ ಅದೇ ಸಂಖ್ಯೆ. ಸೌತ್‌ವೆಲ್ ಆಕಾರವನ್ನು ತಿಳಿದು ಗುಣಾಂಕ ಹುಡುಕಿದನು. ಅವರು ಗುಣಾಂಕವನ್ನು ಕೊಟ್ಟು ಆಕಾರ ಹುಡುಕಿದರು, ಮತ್ತು ಸಮೀಕರಣಗಳು ಆಗಲೂ ಸರಳರೇಖೀಯವಾಗಿಯೇ ಉಳಿದವು. ಒಂದು ಪದ್ಧತಿಯಲ್ಲಿ ಇಷ್ಟು ಕಸುವಿರುವಾಗ ಅದನ್ನು ಪರೀಕ್ಷೆಯ ಹತ್ತು ಅಂಕದ ಕೋಷ್ಟಕವಾಗಿ ಕಲಿಸುವುದು ಅನ್ಯಾಯ. ಕಲಿಸುವವರು ಸಮೀಕರಣ ಬರೆಯಿಸುವ ಮೊದಲು ಪಾದಗಳ ತ್ರಿಕೋನವನ್ನು ಬರೆಯಿಸಿ, ಬಲದ ರೇಖೆ ಅದನ್ನು ಎಲ್ಲಿ ಮುಟ್ಟುತ್ತದೆ ಎಂದು ವಿದ್ಯಾರ್ಥಿಯಿಂದಲೇ ಗುರುತು ಹಾಕಿಸಬೇಕು.