ಅಂಚಿನ ಕನ್ನಡ, ಪರೀಕ್ಷೆಯ ಇಂಗ್ಲಿಷ್

ನಮ್ಮ ರಾಜ್ಯದ ಹತ್ತನೇ ತರಗತಿಯ ಇಂಗ್ಲಿಷ್ ಮಾಧ್ಯಮದ ಗಣಿತ ಪುಸ್ತಕ, ವರ್ಗ ಸಮೀಕರಣಗಳ ಪಾಠದ ಒಂದು ಪುಟ. ಮೇಷ್ಟರೊಬ್ಬರು ಅದರ ಮೇಲೆ ಕೆಂಪು ಪೆನ್ನಿನಲ್ಲಿ ಕನ್ನಡ ಪದಗಳನ್ನು ಬರೆದು, ಫೋಟೋ ತೆಗೆದು ಮಕ್ಕಳಿಗೆ ಕಳಿಸಿದ್ದಾರೆ. ರೂಟ್ ಪಕ್ಕದಲ್ಲಿ ಮೂಲ, ಕೋಎಫಿಶಿಯೆಂಟ್ ಪಕ್ಕದಲ್ಲಿ ಸಹಗುಣಕ, ಡಿಸ್ಕ್ರಿಮಿನೆಂಟ್ ಪಕ್ಕದಲ್ಲಿ ಶೋಧಕ. ಮನೆಯಲ್ಲಿ ಕನ್ನಡ ಮಾತಾಡಿ ಇಂಗ್ಲಿಷಿನಲ್ಲಿ ಪರೀಕ್ಷೆ ಬರೆಯುವ ಮಕ್ಕಳಿಗೂ, ಕನ್ನಡದಲ್ಲಿ ಹತ್ತನೇ ತರಗತಿ ಮುಗಿಸಿ ಪಿಯುಸಿ ವಿಜ್ಞಾನಕ್ಕೆ ಕಾಲಿಡುವವರಿಗೂ ಇಂಥ ಪುಟ ಬೇಕೇ ಬೇಕು. ಆದರೆ ಈ ಪುಟ ಹೆಸರುಗಳನ್ನು ಕೊಟ್ಟು ಅಲ್ಲಿಗೇ ನಿಂತುಬಿಟ್ಟಿದೆ. ಮಗು ಎಡವುವುದು ಅಲ್ಲಿಂದ ಮುಂದೆ.

ಸಹಗುಣಕವನ್ನೇ ನೋಡಿ. ಪುಟದಲ್ಲಿ ಬಾಣದ ಗುರುತು ಹಾಕಿ, x ಜೊತೆಗಿರುವ ಸಂಖ್ಯೆ ಎಂದು ಬರೆದಿದ್ದಾರೆ. 2x² − 5x + 3 = 0 ಎಂಬ ಸಮೀಕರಣದಲ್ಲಿ x ಜೊತೆಗೆ ಕಣ್ಣಿಗೆ ಕಾಣುವುದು 5. ಮಗು b = 5 ಎಂದು ಬರೆಯುತ್ತದೆ. ಶೋಧಕ b² − 4ac ಲೆಕ್ಕ ಹಾಕಿದರೆ 25 − 24, ಅಂದರೆ 1. ನಿಜವಾದ ಬೆಲೆ −5 ಹಾಕಿದರೂ ವರ್ಗ 25 ಆಗುವುದರಿಂದ ಉತ್ತರ ಇದೇ ಬರುತ್ತದೆ. ಹಾಗಾಗಿ ತಪ್ಪು ಇಲ್ಲಿ ಸಿಕ್ಕಿಬೀಳುವುದಿಲ್ಲ. ಸೂತ್ರಕ್ಕೆ ಇಳಿದಾಗ 3/2 ಮತ್ತು 1 ಬರಬೇಕಾದ ಕಡೆ −3/2 ಮತ್ತು −1 ಬರುತ್ತವೆ. −1 ಅನ್ನು ಸಮೀಕರಣದಲ್ಲಿ ಹಾಕಿ ನೋಡಿದರೆ 2 + 5 + 3 = 10, ಸೊನ್ನೆಯಲ್ಲ; 1 ಹಾಕಿದರೆ 2 − 5 + 3 = 0. "ಸಹಗುಣಕ ಅಂದರೆ ಎಡಗಡೆಯ ಚಿಹ್ನೆಯೂ ಸೇರಿದ ಸಂಖ್ಯೆ, ಇಲ್ಲಿ −5" ಎಂದು ಅಂಚಿನಲ್ಲಿ ಬರೆದಿದ್ದರೆ ಸಾಕಿತ್ತು.

ಇದಕ್ಕಿಂತ ನನ್ನನ್ನು ಕಾಡಿದ್ದು ಡಿಸ್ಟಿಂಕ್ಟ್ ರೂಟ್ಸ್ ಪಕ್ಕದಲ್ಲಿರುವ "ಭಿನ್ನ ಮೂಲಗಳು". ಪದ ತಪ್ಪಲ್ಲ, ಒಂದರಿಂದ ಒಂದು ಬೇರೆಯಾದವು ಎಂದೇ ಅರ್ಥ. ಆದರೆ ಪ್ರಾಥಮಿಕ ಶಾಲೆಯಿಂದಲೂ ಮಗುವಿಗೆ ಭಿನ್ನ ಎಂದರೆ ಭಿನ್ನರಾಶಿ, ಅರ್ಧ, ಮುಕ್ಕಾಲು. ಮೇಲಿನ ಸಮೀಕರಣದ ಒಂದು ಮೂಲ 3/2 ಆಗಿರುವುದರಿಂದ ಆ ತಪ್ಪು ತಿಳಿವಳಿಕೆ ಇನ್ನೂ ಗಟ್ಟಿಯಾಗುತ್ತದೆ. ಅದನ್ನು ಒಡೆಯಲು x² − 5x + 6 = 0 ಬೇಕು. ಇದರ ಮೂಲಗಳು 2 ಮತ್ತು 3. ಎರಡೂ ಪೂರ್ಣ ಸಂಖ್ಯೆಗಳೇ, ಆದರೂ ಇವು ಡಿಸ್ಟಿಂಕ್ಟ್. ಇಲ್ಲಿ ಪಾರಿಭಾಷಿಕ ಪದದ ಬದಲು "ಬೇರೆಬೇರೆ" ಎಂದು ಬರೆಯುವುದು ಮೇಲು.

ಶೋಧಕದ ವಿಷಯದಲ್ಲಿ ಮಾತ್ರ ಪುಟ ನಿಜವಾಗಿ ಗೆದ್ದಿದೆ. ಅದು ಸೊನ್ನೆಗಿಂತ ಹೆಚ್ಚಾದರೆ, ಸೊನ್ನೆಯೇ ಆದರೆ, ಸೊನ್ನೆಗಿಂತ ಕಡಿಮೆಯಾದರೆ ಏನೇನು ಎಂದು ಮೂರು ಸಾಲಿನಲ್ಲಿ ಬರೆದಿದ್ದಾರೆ. ಮೂಲಗಳನ್ನು ಕಂಡುಹಿಡಿಯದೆಯೇ ಅವು ಎಂಥವು ಎಂದು ಶೋಧಿಸಿ ಹೇಳುವುದು ಅದರ ಕೆಲಸ ಎಂಬುದು ಓದಿದ ಕೂಡಲೇ ತಿಳಿಯುತ್ತದೆ.

ಪುಟ ಪೂರ್ತಿ ಮರೆತಿರುವುದು ಪ್ರಶ್ನೆಯೊಳಗಿನ ಸಾದಾ ಇಂಗ್ಲಿಷನ್ನು. ನೇಚರ್ ಆಫ್ ದಿ ರೂಟ್ಸ್ ಎಂದು ಕೇಳಿದರೆ ಬೇಕಾಗಿರುವುದು ಮೂಲಗಳಲ್ಲ, ಅವುಗಳ ಸ್ವಭಾವ. 2x² − 4x + 3 = 0 ಕೊಟ್ಟಾಗ ಶೋಧಕ 16 − 24 = −8; ವಾಸ್ತವ ಮೂಲಗಳಿಲ್ಲ ಎಂದು ಬರೆದರೆ ಉತ್ತರ ಮುಗಿಯಿತು. ನೇಚರ್ ಎಂದರೇನೆಂದು ಅಂಚಿನಲ್ಲಿ ಇಲ್ಲದ ಕಾರಣ ಮಗು ಸೂತ್ರಕ್ಕೆ ಕೈ ಹಾಕಿ, ವರ್ಗಮೂಲದ ಚಿಹ್ನೆಯೊಳಗೆ −8 ಕಂಡು, ಎಲ್ಲೋ ತಪ್ಪಾಗಿದೆ ಎಂದು ಸರಿಯಾದ ಲೆಕ್ಕವನ್ನೇ ಹೊಡೆದುಹಾಕುತ್ತದೆ.

ಇನ್ನೊಂದು ಲೆಕ್ಕ: 2x² + kx + 3 = 0 ಸಮೀಕರಣಕ್ಕೆ ಎರಡು ಸಮ ಮೂಲಗಳಿರಬೇಕಾದರೆ k ಎಷ್ಟು? ಸಮ ಮೂಲಗಳು ಎಂದರೆ ಶೋಧಕ ಸೊನ್ನೆ. ಆದ್ದರಿಂದ k² − 24 = 0, k² = 24. ಇಲ್ಲಿ ಬಹಳ ಮಕ್ಕಳು k = 2√6 ಎಂದು ಬರೆದು ನಿಲ್ಲುತ್ತಾರೆ. −2√6 ಕೂಡ ಉತ್ತರವೇ. ಇಂಗ್ಲಿಷ್ ಪ್ರಶ್ನೆಯಲ್ಲಿ ವ್ಯಾಲ್ಯೂಸ್ ಎಂಬ ಬಹುವಚನ ಅದನ್ನು ಸೂಚಿಸಿತ್ತು. ಅಂಚಿನಲ್ಲಿ "ಬೆಲೆ" ಎಂದು ಏಕವಚನ ಬರೆದು ಮೇಷ್ಟರು ಆ ಸುಳಿವನ್ನೇ ಅಳಿಸಿದ್ದಾರೆ. ಕನ್ನಡದಲ್ಲಿ "ಬೆಲೆಗಳು" ಎನ್ನಲು ಯಾವ ತೊಡಕೂ ಇರಲಿಲ್ಲ.

ಫೋಟೋದ ಬಗ್ಗೆ ಒಂದೇ ಮಾತು. ಪುಸ್ತಕದ ಮಡಿಕೆಯ ಹತ್ತಿರ ನೆರಳು ಬಿದ್ದು x² ಮೇಲಿನ ಪುಟ್ಟ 2 ಕೆಲವೆಡೆ ಮಾಯವಾಗಿದೆ. ಘಾತ ಹೋದರೆ ಅದು ವರ್ಗ ಸಮೀಕರಣವೇ ಅಲ್ಲ. ಪುಟವನ್ನು ಚಪ್ಪಟೆಯಾಗಿ ಒತ್ತಿ ಹಿಡಿದು, ಕಿಟಕಿಯ ಬೆಳಕಿನಲ್ಲಿ ಮತ್ತೊಮ್ಮೆ ತೆಗೆದು, ಕಳಿಸುವ ಮೊದಲು ದೊಡ್ಡದು ಮಾಡಿ ಘಾತಗಳನ್ನೂ ಋಣ ಚಿಹ್ನೆಗಳನ್ನೂ ಒಂದೊಂದಾಗಿ ನೋಡಬೇಕು.